ಜಿಲ್ಲೆಗೆ ಹೊಸದಾಗಿ ಬಂದ ಅಧಿಕಾರಿ ಸಿಬ್ಬಂದಿಗೆ ಮೊದಲ ಸಲ ಪರಿಚಯ ಮಾಡಿಕೊಳ್ಳುವುದು ಹೇಗೆ?

ಜಿಲ್ಲಾ ಮಟ್ಟದ ಹುದ್ದೆಗೆ ಮೊದಲ ಸಲ ಹೋಗುವವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ನಾಳೆ ಚಾರ್ಜ್ ತಗೋತಿದ್ದೀನಿ. ಸ್ಟಾಫ್ ಮೀಟಿಂಗ್ ಕರೀಬೇಕಾ? ಕರೆದರೆ ನನ್ನ ಬಗ್ಗೆ ಏನು ಹೇಳಲಿ?" ಕಡತ ಬರೆಯುವುದು, ಬಿಲ್ಲು ನೋಡುವುದು, ನೋಟಿಸ್ ಕೊಡುವುದು ಎಲ್ಲದಕ್ಕೂ ನಿಯಮ ಇದೆ. ಈ ಮೊದಲ ಹದಿನೈದು ನಿಮಿಷಕ್ಕೆ ಯಾವ ನಿಯಮವೂ ಇಲ್ಲ.

ಎಲ್ಲ ಇಲಾಖೆಗೂ ಹೊಂದುವ ಹಾಗೆ ಬರೆದರೆ ಯಾರಿಗೂ ಉಪಯೋಗ ಆಗುವುದಿಲ್ಲ. ಹಾಗಾಗಿ ಒಂದೇ ಉದಾಹರಣೆ ಹಿಡಿಯೋಣ. ನೀವು ಹಾವೇರಿಗೆ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಜಿಲ್ಲಾ ಅಧಿಕಾರಿಯಾಗಿ ಬಂದಿದ್ದೀರಿ ಅಂದುಕೊಳ್ಳಿ. ಎಂಟು ತಾಲ್ಲೂಕು. ಕಚೇರಿಯಲ್ಲಿ ವ್ಯವಸ್ಥಾಪಕರು, ಅಧೀಕ್ಷಕರು, ಪ್ರಥಮ ದರ್ಜೆ ಮತ್ತು ದ್ವಿತೀಯ ದರ್ಜೆ ಸಹಾಯಕರು, ಡ್ರೈವರ್, ಗ್ರೂಪ್ ಡಿ. ಹೊರಗೆ ತಾಲ್ಲೂಕು ಕಲ್ಯಾಣಾಧಿಕಾರಿಗಳು, ಹಾಸ್ಟೆಲ್ ವಾರ್ಡನ್‌ಗಳು, ಅಡುಗೆಯವರು, ರಾತ್ರಿ ಕಾವಲುಗಾರರು. ಬೇರೆ ಇಲಾಖೆಯವರು ವಾರ್ಡನ್ ಇದ್ದ ಕಡೆ ತಮ್ಮ ಕ್ಷೇತ್ರ ಸಿಬ್ಬಂದಿಯನ್ನು ಹಾಕಿಕೊಂಡು ಓದಿದರೆ ಆಯ್ತು.

ಶುರು ಮಾಡುವ ಮುಂಚೆ ಒಂದು ವಿಷಯ ತಿಳಿದಿರಲಿ. ನೀವು ಯಾರು ಅಂತ ಅವರಿಗೆ ಆಗಲೇ ಗೊತ್ತು. ವರ್ಗಾವಣೆ ಆದೇಶ ವಾಟ್ಸಾಪ್‌ಗೆ ಬಂದ ಸಂಜೆಯೇ ನಿಮ್ಮ ಹಳೇ ಕಚೇರಿಗೆ ಫೋನ್ ಹೋಗಿರುತ್ತದೆ. ನೀವು ಯಾವ ಬ್ಯಾಚು, ಕೋಪ ಜಾಸ್ತಿನಾ, ಸಂಜೆ ಎಷ್ಟು ಹೊತ್ತು ಕೂರ್ತೀರಿ, ಎಲ್ಲ ತಿಳಿದುಕೊಂಡಿರುತ್ತಾರೆ. ಆದ್ದರಿಂದ ಓದು, ರ‍್ಯಾಂಕು, ಪ್ರಶಸ್ತಿ ಹೇಳುವುದರಲ್ಲಿ ಸಮಯ ಕಳೆಯಬೇಡಿ. ಫೋನಿನಲ್ಲಿ ಸಿಗದ ಮೂರು ಉತ್ತರಕ್ಕಾಗಿ ಅವರು ಕಾಯುತ್ತಿರುತ್ತಾರೆ. ಸಾಹೇಬರ ಹತ್ತಿರ ಕಡತ ಎಷ್ಟು ದಿನ ಇರುತ್ತೆ? ಯಾವುದಕ್ಕೆ ನೇರ ಹೋಗಬಹುದು, ಯಾವುದಕ್ಕೆ ಹೋಗಬಾರದು? ಹಿಂದಿನವರು ಮಾಡಿದ್ದು ನಿಲ್ಲುತ್ತಾ, ಬೀಳುತ್ತಾ? ನಿಮ್ಮ ಪರಿಚಯ ಅಂದರೆ ಈ ಮೂರಕ್ಕೆ ಉತ್ತರ.

1. ಮೊದಲು ಸಿಟಿಸಿ, ಆಮೇಲೆ ಸಭೆ

ಸಿಟಿಸಿ ಅಂದರೆ ಪ್ರಭಾರ ಹಸ್ತಾಂತರ ಪ್ರಮಾಣಪತ್ರ. ಹೋಗುವವರು, ಬರುವವರು ಇಬ್ಬರೂ ಸಹಿ ಹಾಕುವ ಹಾಳೆ. ಯಾವ ದಿನ, ಪೂರ್ವಾಹ್ನವೋ ಅಪರಾಹ್ನವೋ ಅಂತ ಅದರಲ್ಲಿ ಇರುತ್ತದೆ. ಇದಕ್ಕೆ ಸಹಿ ಬೀಳುವ ತನಕ ಸಿಬ್ಬಂದಿಯನ್ನು ಸೇರಿಸಬೇಡಿ.

ಕಾರಣ ಗೊತ್ತಿರುವಂಥದ್ದೇ. ಹಿಂದಿನವರು ವರ್ಗಾವಣೆ ಒಪ್ಪದೆ ಕೆಎಟಿಗೆ, ಅಂದರೆ ಆಡಳಿತ ನ್ಯಾಯಮಂಡಳಿಗೆ, ಹೋಗಿರಬಹುದು. ತಡೆಯಾಜ್ಞೆ ಬಂದರೆ ಅವರೇ ವಾಪಸ್ ಬಂದು ಅದೇ ಕುರ್ಚಿಯಲ್ಲಿ ಕೂರುತ್ತಾರೆ. ಆದೇಶದ ಪ್ರತಿ ಕೈಯಲ್ಲಿ ಹಿಡಿದುಕೊಂಡು ಬಂದು, ಪ್ರಭಾರ ಆಗುವ ಮುಂಚೆಯೇ ನೀವು ಭಾಷಣ ಮಾಡಿದ್ದರೆ, ಆ ಸಭೆಯಲ್ಲಿ ನಿಮಗೆ ತಲೆಯಾಡಿಸಿದವರೆಲ್ಲ ಮರುದಿನ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ. ನಿಮಗಿಂತ ಅವರಿಗೇ ಅದರ ಪೆಟ್ಟು ಜಾಸ್ತಿ. ಪ್ರಭಾರ ಎಳೆದಾಡುತ್ತಿದ್ದರೆ ಪ್ರವಾಸಿ ಮಂದಿರದಲ್ಲಿ ಕೂತು ಕೇಂದ್ರ ಕಚೇರಿಗೆ ಬರೆಯಿರಿ. ಕಚೇರಿಯಲ್ಲಿ ಪಕ್ಕದ ಕುರ್ಚಿ ಹಾಕಿಸಿಕೊಂಡು ಕಾಯಬೇಡಿ.

ಸಿಟಿಸಿ ಆದ ತಕ್ಷಣ ಲೆಕ್ಕಶಾಖೆಯವರನ್ನು ಕರೆದು ಡಿಡಿಒ ಬದಲಾವಣೆ ಶುರು ಮಾಡಿಸಿ. ಡಿಡಿಒ ಅಂದರೆ ಹಣ ಸೆಳೆದು ಬಟವಾಡೆ ಮಾಡುವ ಅಧಿಕಾರಿ. ಎಚ್‌ಆರ್‌ಎಂಎಸ್‌ನಲ್ಲಿ, ಖಜಾನೆ-2ರಲ್ಲಿ, ಅಂದರೆ ಸಂಬಳದ ಮತ್ತು ಬಿಲ್ಲಿನ ಸರ್ಕಾರಿ ತಂತ್ರಾಂಶಗಳಲ್ಲಿ, ಹಳೇ ಅಧಿಕಾರಿಯ ಹೆಸರು ಹೋಗಿ ನಿಮ್ಮ ಹೆಸರು, ನಿಮ್ಮ ಡಿಜಿಟಲ್ ಸಹಿ ಬರಬೇಕು. ಅಲ್ಲಿ ತನಕ ಬಿಲ್ಲು ಕದಲುವುದಿಲ್ಲ. ತಿಂಗಳ ಇಪ್ಪತ್ತರ ಆಚೆಗೆ ಚಾರ್ಜ್ ತಗೊಂಡಿದ್ದರಂತೂ ಸಭೆಯಲ್ಲಿ ಕೂತ ಅಷ್ಟೂ ಜನರ ತಲೆಯಲ್ಲಿ ಓಡುತ್ತಿರುವುದು ಇದೊಂದೇ: ಈ ಸಲ ಸಂಬಳ ಸರಿಯಾಗಿ ಆಗುತ್ತಾ? ಪರಿಚಯದ ಸಭೆಗೂ ಇದಕ್ಕೂ ಏನು ಸಂಬಂಧ ಅನ್ನಬೇಡಿ. ನೀವು ಹೇಳುವ ಮೊದಲ ಒಳ್ಳೆ ಸುದ್ದಿ ಇದೇ ಆಗಬೇಕು.

2. ಸಿಬ್ಬಂದಿ ಪಟ್ಟಿ ಮುಂದಿಟ್ಟುಕೊಂಡು ಅರ್ಧ ಗಂಟೆ

ಸಿಬ್ಬಂದಿ ಶಾಖೆಯಿಂದ ಪಟ್ಟಿ ತರಿಸಿ. ಮಂಜೂರಾದ ಹುದ್ದೆ, ಭರ್ತಿ, ಖಾಲಿ, ಇಷ್ಟು ಎಲ್ಲರೂ ಕೊಡುತ್ತಾರೆ. ನೀವು ಇನ್ನೆರಡು ಕಾಲಂ ಸೇರಿಸಿ ಕೇಳಿ. ಯಾರು ಇಲ್ಲಿ ನಿಯೋಜನೆ ಮೇಲೆ ಇದ್ದಾರೆ, ಅಂದರೆ ಸಂಬಳ ಒಂದು ಕಡೆ, ಕೆಲಸ ಇನ್ನೊಂದು ಕಡೆ? ಯಾವ ವಾರ್ಡನ್ ಹತ್ತಿರ ಎರಡು ಹಾಸ್ಟೆಲ್ ಪ್ರಭಾರ ಇದೆ? ಈ ಎರಡನೆಯದು ಗೊತ್ತಿಲ್ಲದೆ ಸಭೆಗೆ ಹೋಗಿ "ವಾರ್ಡನ್ ರಾತ್ರಿ ಹಾಸ್ಟೆಲ್‌ನಲ್ಲೇ ಇರಬೇಕು" ಅಂದರೆ, ಸವಣೂರಿನಲ್ಲಿ ಒಂದು, ಶಿಗ್ಗಾಂವಿಯಲ್ಲಿ ಒಂದು ನೋಡಿಕೊಳ್ಳುವವರು ನಗಬೇಕೋ ಅಳಬೇಕೋ ತಿಳಿಯದೆ ಕೂರುತ್ತಾರೆ.

ಹೆಸರುಗಳನ್ನು ಅಧೀಕ್ಷಕರ ಬಾಯಲ್ಲಿ ಓದಿಸಿ, ನೀವೂ ಜೊತೆಗೆ ಓದಿ. ಹಳೇ ಮೈಸೂರಿನಿಂದ ಬಂದವರಿಗೆ ಆ ಕಡೆಯ ಮನೆತನದ ಹೆಸರುಗಳು ನಾಲಿಗೆಗೆ ಸರಿಯಾಗಿ ಹೊರಳುವುದಿಲ್ಲ. ಮೊದಲ ದಿನವೇ ಒಬ್ಬರ ಹೆಸರನ್ನು ತಪ್ಪು ಹೇಳಿದರೆ ಅದೇ ಕಚೇರಿಯ ಜೋಕ್ ಆಗಿ ಉಳಿಯುತ್ತದೆ.

ಈ ಅರ್ಧ ಗಂಟೆಯಲ್ಲಿ ಕೇಳಬಾರದ ಪ್ರಶ್ನೆ ಒಂದಿದೆ: "ಯಾರು ಹೆಂಗೆ?" ಕೇಳಿದರೆ ಉತ್ತರ ಬಂದೇ ಬರುತ್ತದೆ. ಆದರೆ ಅದು ಆ ಒಬ್ಬರ ಲೆಕ್ಕಾಚಾರ. ಜೊತೆಗೆ ನೀವು ಯಾರನ್ನು ಕೇಳಿದಿರಿ ಅನ್ನುವುದು ಕಾಫಿ ಬರುವಷ್ಟರಲ್ಲಿ ಹೊರಗೆ ಗೊತ್ತಾಗಿರುತ್ತದೆ. ಅವತ್ತಿನಿಂದ ಅವರು ನಿಮ್ಮ ಕಿವಿ ಅಂತಲೇ ಲೆಕ್ಕ.

3. ಒಂದು ಸಭೆ ಸಾಲದು, ಎರಡು ಮಾಡಿ

ಕಚೇರಿಯವರನ್ನೂ ವಾರ್ಡನ್‌ಗಳನ್ನೂ ಒಟ್ಟಿಗೆ ಕರೆಯುವುದು ಸಾಮಾನ್ಯ ತಪ್ಪು. ಇಬ್ಬರ ಚಿಂತೆ ಬೇರೆ. ಜೊತೆಗೆ ವಾರ್ಡನ್‌ಗಳ ಬಿಲ್ಲು ಹಿಡಿದಿಡುವವರು, ಬಿಡುವವರು ಕಚೇರಿಯ ವಿಷಯ ನಿರ್ವಾಹಕರೇ. ವಿಷಯ ನಿರ್ವಾಹಕ ಅಂದರೆ ಕೇಸ್ ವರ್ಕರ್, ಕಡತಕ್ಕೆ ಮೊದಲ ಟಿಪ್ಪಣಿ ಬರೆಯುವವರು. ಅವರು ಎದುರಿಗೆ ಕೂತಿದ್ದರೆ ವಾರ್ಡನ್ ಬಾಯಿ ಬಿಡುವುದಿಲ್ಲ.

ಕಚೇರಿ ಸಿಬ್ಬಂದಿ ಸಭೆಯನ್ನು ಚಾರ್ಜ್ ತಗೊಂಡ ದಿನವೇ ಮಾಡಿ. ಬೆಳಿಗ್ಗೆ ಬೇಡ, ಸಂಜೆ 4ಕ್ಕೆ ಇಟ್ಟು 4.45ಕ್ಕೆ ಮುಗಿಸಿ. ಅಷ್ಟರಲ್ಲಿ ಪಟ್ಟಿ ನೋಡಿರುತ್ತೀರಿ, ಕಚೇರಿ ಸುತ್ತಿರುತ್ತೀರಿ. ಮೊದಲ ದಿನವೇ ಸಭೆಯನ್ನು 6 ಗಂಟೆ ತನಕ ಎಳೆದರೆ, ರಾಣೇಬೆನ್ನೂರಿಗೋ ಹುಬ್ಬಳ್ಳಿಗೋ ಹೋಗುವ ಬಸ್ಸು, ರೈಲು ತಪ್ಪಿದವರು ನಿಮ್ಮ ಮಾತು ಕೇಳಿಸಿಕೊಂಡಿರುವುದಿಲ್ಲ, ಗಡಿಯಾರ ನೋಡಿರುತ್ತಾರೆ.

ವಾರ್ಡನ್‌ಗಳದ್ದು ಮುಂದಿನ ವಾರ. ಬೆಳಿಗ್ಗೆ 11.30ಕ್ಕೆ ಶುರು, 1.30ಕ್ಕೆ ಮುಗಿಯಬೇಕು. ಮಕ್ಕಳಿಗೆ ನಾಷ್ಟಾ ಆಗಿ, ಶಾಲೆಗೆ ಕಳಿಸಿದ ಮೇಲೆ ಅವರು ಹಾಸ್ಟೆಲ್ ಬಿಡಬಹುದು. ರಟ್ಟೀಹಳ್ಳಿ, ಹಿರೇಕೆರೂರು ಕಡೆಯವರು ಬಸ್ಸಿನಲ್ಲಿ ಬಂದು, ಸಂಜೆ ಹಾಜರಾತಿ ಹೊತ್ತಿಗೆ ವಾಪಸ್ ಮುಟ್ಟಬೇಕು. ಬಾಲಕಿಯರ ಹಾಸ್ಟೆಲ್ ವಾರ್ಡನ್‌ಗಳನ್ನು ಸಂಜೆ ತನಕ ಕೂರಿಸಿಕೊಂಡರೆ ಅಲ್ಲಿ ಮಕ್ಕಳಿಗೆ ಜವಾಬ್ದಾರಿ ಯಾರು? ಆ ಪ್ರಶ್ನೆ ನಾಳೆ ನಿಮ್ಮ ತಲೆಗೇ ಬರುತ್ತದೆ. ಶನಿವಾರ ಇಡುವುದಾದರೆ ಎರಡನೇ, ನಾಲ್ಕನೇ ಶನಿವಾರ ಅಲ್ಲ ಅಂತ ನೋಡಿಕೊಳ್ಳಿ. 2019ರಿಂದ ನಾಲ್ಕನೆಯದೂ ರಜೆ. ರಜೆ ದಿನ ಪರಿಚಯದ ಸಭೆ ಕರೆದ ಅಧಿಕಾರಿ ಅಂತ ಹೆಸರು ಬಂದರೆ ಹೋಗಲು ವರ್ಷ ಬೇಕು.

4. ಹಾರ, ಶಾಲು, ಹಣ್ಣಿನ ಬುಟ್ಟಿ

ಇದನ್ನು ಹಿಂದಿನ ದಿನವೇ ನಿಲ್ಲಿಸಬೇಕು. ಸಭೆಯಲ್ಲಿ ಶಾಲು ಹಿಡಿದು ನಿಂತವರ ಮುಂದೆ "ಬೇಡ ಬೇಡ" ಅಂದರೆ ಇಬ್ಬರಿಗೂ ಮುಜುಗರ. ಅಷ್ಟರಲ್ಲಿ ದುಡ್ಡೂ ಖರ್ಚಾಗಿರುತ್ತದೆ. ಆ ದುಡ್ಡು ಎಲ್ಲಿಂದ ಬರುತ್ತೆ? ಯಾರೋ ಒಬ್ಬರು ಪಟ್ಟಿ ಹಾಕಿ ತಲೆಗೆ ಇಷ್ಟು ಅಂತ ಎತ್ತಿರುತ್ತಾರೆ. ಹೊರಗುತ್ತಿಗೆ ಡೇಟಾ ಎಂಟ್ರಿ ಹುಡುಗಿಯೂ ಕೊಟ್ಟಿರುತ್ತಾಳೆ, ಇನ್ನೊಬ್ಬರು ಎತ್ತಿ ಜೇಬಿಗೂ ಹಾಕಿಕೊಂಡಿರಬಹುದು. ನಿಮ್ಮ ಹೆಸರಿನಲ್ಲಿ ಆದ ಮೊದಲ ವಸೂಲಿ ಅದು.

ವ್ಯವಸ್ಥಾಪಕರಿಗೆ ಫೋನ್ ಮಾಡಿ ಇಷ್ಟು ಹೇಳಿ: "ನಾಳೆ ಹಾರ, ಶಾಲು, ಹಣ್ಣು ಏನೂ ಬೇಡ ರೀ. ಯಾರ ಹತ್ರನೂ ದುಡ್ಡು ಎತ್ತಬೇಡಿ. ಆಗಲೇ ಎತ್ತಿದ್ದರೆ ವಾಪಸ್ ಕೊಡಿಸಿ. ಚಹಾ ನಂದು." ಅವರು "ಎಲ್ಲರೂ ಪ್ರೀತಿಯಿಂದ ಮಾಡ್ಯಾರ ಸಾಹೇಬ್ರ" ಅನ್ನಬಹುದು. ಆಗ ಸುತ್ತೋಲೆ ಕೈಗೆ ಬರುತ್ತದೆ. 2021ರ ಆಗಸ್ಟ್‌ನಲ್ಲಿ ಸರ್ಕಾರವೇ ಸುತ್ತೋಲೆ ಹೊರಡಿಸಿ ಸರ್ಕಾರಿ ಸಮಾರಂಭಗಳಲ್ಲಿ ಹಾರ, ಹೂಗುಚ್ಛ, ಹಣ್ಣಿನ ಬುಟ್ಟಿ, ಶಾಲು ಬೇಡ ಅಂದಿದೆ. ಕೊಡಲೇಬೇಕು ಅಂದರೆ ಕನ್ನಡ ಪುಸ್ತಕ ಕೊಡಿ ಅನ್ನುವ ಮಾತು ಆಗ ಬಂದದ್ದು. ನನ್ನ ಕೇಳಿದರೆ ಮೊದಲ ಸಭೆಯಲ್ಲಿ ಪುಸ್ತಕವೂ ಬೇಡ. ಪುಸ್ತಕಕ್ಕೂ ಪಟ್ಟಿಯೇ ಹಾಕುತ್ತಾರೆ.

ಕುರ್ಚಿಯ ಬಗ್ಗೆ ಒಂದು ಮಾತು. ನಿಮ್ಮ ಚೇಂಬರ್‌ನಲ್ಲಿ ಸಭೆ ಮಾಡಿದರೆ ಅಧೀಕ್ಷಕರು ಕೂರುತ್ತಾರೆ, ದ್ವಿತೀಯ ದರ್ಜೆಯವರು ಗೋಡೆಗೆ ಒರಗುತ್ತಾರೆ, ಗ್ರೂಪ್ ಡಿ ಬಾಗಿಲ ಹೊರಗೆ ನಿಲ್ಲುತ್ತಾರೆ. ಎಲ್ಲರಿಗೂ ಕುರ್ಚಿ ಇರುವ ಕಡೆ ಮಾಡಿ. ಕುರ್ಚಿ ಕಡಿಮೆ ಬಿದ್ದರೆ ಪಕ್ಕದ ಕಚೇರಿಯಿಂದ ತರಿಸಿ.

5. ಯಾರನ್ನು ಹೇಗೆ ಕರೆಯಬೇಕು

ಚಿಕ್ಕ ವಿಷಯ ಅನಿಸುತ್ತದೆ. ಆದರೆ ಸಿಬ್ಬಂದಿ ಮನೆಗೆ ಹೋಗಿ ಹೇಳುವುದು ಇದನ್ನೇ. ಎಲ್ಲರಿಗೂ ಬಹುವಚನ. ಡ್ರೈವರ್‌ಗೆ, ಗ್ರೂಪ್ ಡಿಗೆ, ಹೊರಗುತ್ತಿಗೆಯ ಹುಡುಗನಿಗೆ, ಎಲ್ಲರಿಗೂ "ನೀವು". ಅಧೀಕ್ಷಕರಿಗೆ "ಬನ್ನಿ" ಅಂದು ತಕ್ಷಣ ಆಫೀಸ್ ಬಾಯ್‌ಗೆ "ಬಾರಪ್ಪ, ನೀರು ತಗೊಂಡು ಬಾ" ಅಂದರೆ ಆ ಒಂದು ವಾಕ್ಯದಲ್ಲಿ ನಿಮ್ಮ ಪರಿಚಯ ಮುಗಿಯಿತು.

ನಿಮಗಿಂತ ಇಪ್ಪತ್ತು ವರ್ಷ ದೊಡ್ಡವರು ನಿಮ್ಮ ಕೈಕೆಳಗೆ ಇರುತ್ತಾರೆ. ಅವರನ್ನು ಹೆಸರಿನ ಜೊತೆ "ಅವರೇ" ಸೇರಿಸಿ ಕರೆಯಿರಿ. "ಅಂಕಲ್", "ಅಣ್ಣಾ" ಬೇಡ. ಇವತ್ತು ಅಣ್ಣ ಅಂದವರಿಗೆ ನಾಳೆ ಕಾರಣ ಕೇಳಿ ನೋಟಿಸ್ ಕೊಡಬೇಕಾಗಿ ಬರಬಹುದು. ಚಿಕ್ಕ ವಯಸ್ಸಿನ ಮಹಿಳಾ ಅಧಿಕಾರಿಗಳಿಗೆ "ಮೇಡಂ, ನೀವು ನಮ್ಮ ಮಗಳ ಥರ" ಅನ್ನುವ ಹಿರಿಯರೊಬ್ಬರು ಸಿಕ್ಕೇ ಸಿಗುತ್ತಾರೆ. ಕೆಟ್ಟ ಮನಸ್ಸಿನಿಂದ ಹೇಳಿರುವುದಿಲ್ಲ. ನಕ್ಕು "ಸರಿ, ಈಗ ಕಡತ ನೋಡೋಣ" ಅಂತ ಮುಂದೆ ಹೋಗಿ. ತಿರುಗಿ "ನೀವೂ ನಮ್ಮ ಅಪ್ಪನ ಥರ" ಅನ್ನಬೇಡಿ.

ಊರಿನ ಪ್ರಶ್ನೆಗೂ ಇಲ್ಲೇ ತಯಾರಾಗಿ. "ಸಾಹೇಬ್ರ, ಯಾವೂರು?" ಅಂತ ಶುರುವಾಗಿ, "ಅಲ್ಲಿ ಯಾರ ಪೈಕಿ?" ಅಂತ ಮುಂದೆ ಹೋಗುತ್ತದೆ. ಎರಡನೇ ಪ್ರಶ್ನೆ ಜಾತಿಯದ್ದು ಅಂತ ಎಲ್ಲರಿಗೂ ಗೊತ್ತು. ಊರು ಹೇಳಿ, ಅಲ್ಲಿಗೆ ನಿಲ್ಲಿಸಿ. ಹಾಸ್ಟೆಲ್ ಸೀಟು ಹಂಚುವ ಇಲಾಖೆ ನಿಮ್ಮದು. ಮೊದಲ ವಾರದಲ್ಲಿ ನಿಮ್ಮ ಸಮುದಾಯದ ಸಂಘದವರು ಸನ್ಮಾನಕ್ಕೆ ಅಂತ ಕಚೇರಿಗೇ ಬಂದರೆ, ನೀವು ಸಭೆಯಲ್ಲಿ ಹೇಳಿದ್ದೆಲ್ಲ ನೀರಲ್ಲಿ ಹೋಮ.

6. ಮಾತು: ಐದು ನಿಮಿಷ, ಇಷ್ಟೇ

ಕೆಳಗಿರುವುದು ಒಂದು ಮಾದರಿ. ತಾಲ್ಲೂಕು ಮಟ್ಟದಲ್ಲಿ ಕೆಲಸ ಮಾಡಿ ಬಡ್ತಿ ಮೇಲೆ ಹಾವೇರಿಗೆ ಬಂದ ಅಧಿಕಾರಿಯ ಮಾತು ಅಂತ ಇಟ್ಟುಕೊಳ್ಳಿ. ಕಾಗದ ನೋಡಿಕೊಂಡು ಓದಬೇಡಿ, ಆದರೆ ಚೀಟಿಯಲ್ಲಿ ಆರು ಪದ ಬರೆದುಕೊಳ್ಳಿ.

"ಎಲ್ಲರಿಗೂ ನಮಸ್ಕಾರ. ನನ್ನ ಹೆಸರು ಇದು, ಊರು ಹಿರಿಯೂರು ಹತ್ತಿರ. ಇದೇ ಇಲಾಖೆಯಲ್ಲಿ ತಾಲ್ಲೂಕಿನಲ್ಲಿ ಕೆಲಸ ಮಾಡಿದ್ದೀನಿ. ಹಾಸ್ಟೆಲ್ ಕೆಲಸ ಗೊತ್ತು. ಜಿಲ್ಲಾ ಕಚೇರಿಯ ಲೆಕ್ಕಶಾಖೆ ನನಗೆ ಹೊಸದು. ಕೇಳಿದ್ದನ್ನೇ ಎರಡು ಸಲ ಕೇಳಬಹುದು, ಬೇಜಾರು ಮಾಡ್ಕೋಬೇಡಿ.

"ಇವತ್ತು ಬೆಳಿಗ್ಗೆ ಚಾರ್ಜ್ ಆಗಿದೆ. ಡಿಡಿಒ ಬದಲಾವಣೆಗೆ ಖಜಾನೆಗೆ ಪತ್ರ ಹೋಗಿದೆ. ಸಂಬಳದ ಬಿಲ್ಲು, ಹೊರಗುತ್ತಿಗೆಯವರ ಬಿಲ್ಲು ಎರಡೂ ಎಲ್ಲಿವೆ ಅಂತ ನಾಳೆ 11 ಗಂಟೆಗೆ ಲೆಕ್ಕಶಾಖೆಯವರ ಜೊತೆ ಕೂತು ನೋಡ್ತೀನಿ.

"ಈಗಿರುವ ಕೆಲಸ ಹಂಚಿಕೆ ಹಾಗೇ ಇರಲಿ. ಒಂದು ತಿಂಗಳು ಯಾರ ಟೇಬಲ್ಲೂ ಬದಲಾಯಿಸಲ್ಲ. ಹಿಂದಿನ ಸಾಹೇಬರು ಸಹಿ ಹಾಕಿದ್ದು ಆದೇಶವೇ, ಅದರಂತೆ ನಡೀರಿ. ಬಾಯಲ್ಲಿ ಹೇಳಿದ್ದು ಏನಾದರೂ ಇದ್ದರೆ ಕಡತದಲ್ಲಿ ಬರೆದು ತನ್ನಿ.

"ಟಿಪ್ಪಣಿ ಕೊನೆಗೆ ನಿಮ್ಮ ಅಭಿಪ್ರಾಯ ಬರೀರಿ. ತಪ್ಪಿದ್ದರೆ ತಿದ್ದೋಣ. ಬರೀ 'ಆದೇಶಕ್ಕಾಗಿ ಮಂಡಿಸಿದೆ' ಅಂತ ಬಂದರೆ ವಾಪಸ್ ಕಳಿಸ್ತೀನಿ. ನನ್ನ ಹತ್ತಿರ ಮೂರು ಕೆಲಸದ ದಿನ ಮೀರಿ ಕಡತ ನಿಂತರೆ ನೀವು ಬಂದು ಕೇಳಿ. ಕೇಳೋದು ತಪ್ಪಲ್ಲ.

"ಹಾಸ್ಟೆಲ್ ಮಕ್ಕಳಿಗೆ ಹುಷಾರಿಲ್ಲ, ಊಟದಿಂದ ತೊಂದರೆ ಆಗಿದೆ, ಮಗು ಕಾಣ್ತಿಲ್ಲ, ಈ ಮೂರಕ್ಕೆ ಯಾರೇ ಆಗಲಿ, ರಾತ್ರಿ ಎಷ್ಟು ಹೊತ್ತಾದರೂ ನೇರ ನನಗೇ ಫೋನ್ ಮಾಡಿ. ಉಳಿದದ್ದಕ್ಕೆ ಮೊದಲು ಅಧೀಕ್ಷಕರು, ತಾಲ್ಲೂಕು ಅಧಿಕಾರಿ.

"ಕೊನೇದು. ನನ್ನ ಹೆಸರು ಹೇಳಿಕೊಂಡು ಯಾರೇ ಏನೇ ಕೇಳಿದರೂ ಕೊಡಬೇಡಿ. ನಮ್ಮ ಮನೆಯವರು ಕೇಳಿದರೂ ಅಷ್ಟೇ. ನನಗೆ ತಿಳಿಸಿ. ಈಗ ನೀವು ಹೇಳಿ."

ಇದರಲ್ಲಿ ಎರಡು ಕಡೆ ಸ್ವಲ್ಪ ನಿಲ್ಲೋಣ.

ಅಭಿಪ್ರಾಯ ಬರೆಯಿರಿ ಅನ್ನುವ ಮಾತು ಯಾಕೆ ಮೊದಲ ದಿನವೇ ಬೇಕು? ಹೊಸ ಅಧಿಕಾರಿ ಬಂದಾಗ ವಿಷಯ ನಿರ್ವಾಹಕರು ಹುಷಾರಾಗುತ್ತಾರೆ. ಸಾಹೇಬರ ಮನಸ್ಸು ಗೊತ್ತಾಗುವ ತನಕ ಯಾವ ಕಡೆಯೂ ವಾಲುವುದಿಲ್ಲ. ಉದಾಹರಣೆಗೆ, ಬಾಡಿಗೆ ಕಟ್ಟಡದಲ್ಲಿರುವ ಒಂದು ಹಾಸ್ಟೆಲ್‌ಗೆ ಬಾಡಿಗೆ ಹೆಚ್ಚಿಸಿ ಅಂತ ಮಾಲೀಕರ ಅರ್ಜಿ ಬಂದಿದೆ ಅನ್ನಿ. ಅರ್ಜಿಯ ಸಾರಾಂಶ ಒಂದು ಪುಟ, ಕೊನೆಗೆ "ಸೂಕ್ತ ಆದೇಶಕ್ಕಾಗಿ ಮಂಡಿಸಿದೆ". ಲೋಕೋಪಯೋಗಿ ಇಲಾಖೆಯಿಂದ ಬಾಡಿಗೆ ನಿಗದಿ ಪತ್ರ ಇದೆಯಾ, ಹಳೇ ಕರಾರು ಯಾವತ್ತಿಗೆ ಮುಗಿಯುತ್ತೆ, ಊರಲ್ಲಿ ಬೇರೆ ಕಟ್ಟಡ ಸಿಗುತ್ತಾ, ಒಂದೂ ಇರುವುದಿಲ್ಲ. ಇಂಥ ಹತ್ತು ಕಡತ ಮೇಜಿಗೆ ಬಂದು ಕೂತರೆ ನಿಮ್ಮ ಮೊದಲ ತಿಂಗಳು ಪ್ರಶ್ನೆ ಕೇಳಿ ವಾಪಸ್ ಕಳಿಸುವುದರಲ್ಲೇ ಹೋಗುತ್ತದೆ. ಬಾಯಿ ಬಿಟ್ಟು ಹೇಳಿದರೆ ಮರುದಿನದಿಂದಲೇ ಸರಿಹೋಗುತ್ತೆ ಅಂತಲ್ಲ. ಆದರೆ ವಾಪಸ್ ಕಳಿಸಿದಾಗ "ಸಾಹೇಬರಿಗೆ ನನ್ನ ಮೇಲೆ ಸಿಟ್ಟು" ಅಂತ ಯಾರೂ ಅಂದುಕೊಳ್ಳುವುದಿಲ್ಲ.

ಎರಡನೆಯದು, ಒಂದು ತಿಂಗಳು ಟೇಬಲ್ ಬದಲಾಯಿಸುವುದಿಲ್ಲ ಅನ್ನುವ ಮಾತು. ಹೊಸಬರು ಬಂದರೆ ಒಳ್ಳೆ ಟೇಬಲ್ಲಿಗಾಗಿ ಓಡಾಟ ಶುರುವಾಗುತ್ತದೆ. ಮನೆಗೆ ಬರುವವರು, ಶಾಸಕರ ಕಡೆಯಿಂದ ಫೋನ್ ಮಾಡಿಸುವವರು, ಎಲ್ಲ. ಗಡುವು ಹೇಳಿಬಿಟ್ಟರೆ ಅಷ್ಟು ದಿನ ನೀವು ಪಾರು. ಆ ಗಡುವನ್ನು ಮುರಿಯಬೇಡಿ. ಒಬ್ಬರಿಗಾಗಿ ಹದಿನೈದನೇ ದಿನ ಮುರಿದರೂ ಮುಂದೆ ನೀವು ಹೇಳುವ ಯಾವ ತಾರೀಕಿಗೂ ಬೆಲೆ ಇರುವುದಿಲ್ಲ. ದುಡ್ಡಿನ ದುರುಪಯೋಗದಂಥ ದಾಖಲೆ ಕೈಗೆ ಸಿಕ್ಕರೆ ಮಾತ್ರ ಬೇರೆ ವಿಷಯ.

ಹೇಳಬಾರದ ಮಾತೂ ಒಂದಿಷ್ಟಿವೆ. "ನಾನು ತುಂಬಾ ಸ್ಟ್ರಿಕ್ಟ್" ಅಂದರೆ ಎಲ್ಲ ನಿರ್ಧಾರವೂ ನಿಮ್ಮ ಮೇಜಿಗೇ ಬರುತ್ತದೆ, ಕೆಳಗೆ ಯಾರೂ ಸಹಿ ಹಾಕುವುದಿಲ್ಲ. "ಯಾವಾಗ ಬೇಕಾದರೂ ಫೋನ್ ಮಾಡಿ" ಅಂದರೆ ಗ್ಯಾಸ್ ಸಿಲಿಂಡರ್ ಬರಲಿಲ್ಲ ಅಂತ ವಾರ್ಡನ್ ನಿಮಗೇ ಫೋನ್ ಮಾಡುತ್ತಾರೆ, ತಾಲ್ಲೂಕು ಅಧಿಕಾರಿ ಕೈಕಟ್ಟಿ ಕೂರುತ್ತಾರೆ. "ನನ್ನ ಹಳೇ ತಾಲ್ಲೂಕಿನಲ್ಲಿ ಹಿಂಗಿರಲಿಲ್ಲ" ಅನ್ನುವುದು ಇನ್ನೂ ಕೆಟ್ಟದ್ದು. ಹೊಸ ಸೊಸೆ ತವರಿನ ಸಾರು ಹೊಗಳಿದ ಹಾಗೆ. ಹಿಂದಿನ ಅಧಿಕಾರಿಯ ಬಗ್ಗೆ ಕೆಟ್ಟದ್ದಂತೂ ಬೇಡವೇ ಬೇಡ. ಆ ಕೋಣೆಯಲ್ಲಿ ಅರ್ಧ ಜನ ಅವರ ಜೊತೆ ಇನ್ನೂ ಫೋನಿನಲ್ಲಿದ್ದಾರೆ.

ಕನ್ನಡ ಬಾರದ ಅಧಿಕಾರಿಗಳು ಮೊದಲ ಎರಡು ವಾಕ್ಯ ಕನ್ನಡದಲ್ಲಿ ಬಾಯಿಪಾಠ ಮಾಡಿ ಹೇಳಿ, ಉಳಿದದ್ದನ್ನು ಇಂಗ್ಲಿಷಿನಲ್ಲಿ ಹೇಳಿದರೂ ನಡೆಯುತ್ತದೆ. ಒಂದೊಂದು ವಾಕ್ಯಕ್ಕೆ ನಿಲ್ಲಿಸಿ, ವ್ಯವಸ್ಥಾಪಕರು ಕನ್ನಡದಲ್ಲಿ ಹೇಳಲಿ. ಆದರೆ ಟಿಪ್ಪಣಿ ಕನ್ನಡದಲ್ಲೇ ಬರಲಿ ಅಂತ ನೀವೇ ಹೇಳಬೇಕು. ಇಲ್ಲದಿದ್ದರೆ ನಿಮಗೆ ಸುಲಭ ಆಗಲಿ ಅಂತ ಅವರು ಕಷ್ಟಪಟ್ಟು ಇಂಗ್ಲಿಷ್ ಬರೆಯಲು ಹೋಗಿ, ಏನು ಬರೆದಿದ್ದಾರೆ ಅಂತ ಯಾರಿಗೂ ಅರ್ಥ ಆಗದ ಕಡತ ಹುಟ್ಟುತ್ತದೆ.

7. ಈಗ ಅವರ ಸರದಿ

"ಹೆಸರು, ಹುದ್ದೆ ಹೇಳಿ" ಅಂದರೆ ಸಾಲಾಗಿ ಎದ್ದು ನಿಂತು ಹೇಳಿ ಕೂರುತ್ತಾರೆ. ಪಟ್ಟಿಯಲ್ಲಿ ಇದ್ದದ್ದೇ. ಬದಲಿಗೆ ಕೂತಲ್ಲೇ ಎರಡು ವಿಷಯ ಹೇಳಲಿ: ಹೆಸರು, ಮತ್ತು "ನನ್ನ ಸಹಿಗಾಗಿ ಕಾಯ್ತಿರುವ ನಿಮ್ಮ ಒಂದು ಕಡತ ಯಾವುದು?" ಒಂದೇ ಕಡತ. ನೀವು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಹದಿನೈದು ಜನರ ಕಚೇರಿಗೆ ಇಪ್ಪತ್ತು ನಿಮಿಷ ಸಾಕು.

ಒಂದು ಉದಾಹರಣೆ ನೋಡಿ. ವಿದ್ಯಾರ್ಥಿವೇತನ ನೋಡುವ ದ್ವಿತೀಯ ದರ್ಜೆ ಸಹಾಯಕಿ ಹೇಳುತ್ತಾರೆ, "ಸರ್, ಎಸ್‌ಎಸ್‌ಪಿಯಲ್ಲಿ ಕೆಲವು ಮಕ್ಕಳ ಅರ್ಜಿ ಆಧಾರ್ ಹೆಸರು ಹೊಂದದೆ ನಿಂತಿವೆ. ಕಾಲೇಜಿಗೆ ಪತ್ರ ಬರೀಬೇಕು, ಹಿಂದಿನ ಸಾಹೇಬರು ರಜೆ ಮೇಲೆ ಹೋದ್ರು." ಎಸ್‌ಎಸ್‌ಪಿ ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್. ಇಲ್ಲಿ ನಿಮ್ಮ ಉತ್ತರ "ನೋಡೋಣ" ಆಗಬಾರದು. "ಪತ್ರದ ಕರಡು ನಾಳೆ ಮಧ್ಯಾಹ್ನ ಇಡಿ, ಸಂಜೆಗೆ ಹೋಗಲಿ" ಅನ್ನಿ. ಇದಕ್ಕೆ ಯಾವ ಅಧ್ಯಯನವೂ ಬೇಕಿಲ್ಲ. ಮರುದಿನ ಸಂಜೆ ಆ ಪತ್ರ ಹೋದರೆ, ನೀವು ಸಭೆಯಲ್ಲಿ ಹೇಳಿದ ಉಳಿದ ಮಾತನ್ನೂ ಜನ ನಂಬುತ್ತಾರೆ.

ದೂರುಗಳೂ ಬರುತ್ತವೆ. ಒಬ್ಬರು ಎದ್ದು "ನನಗೆ ಕಾಲಮಿತಿ ಬಡ್ತಿ ಇನ್ನೂ ಕೊಟ್ಟಿಲ್ಲ" ಅನ್ನುತ್ತಾರೆ, ಸಿಬ್ಬಂದಿ ಶಾಖೆಯವರ ಮುಖ ಕೆಂಪಾಗುತ್ತದೆ. ಅಲ್ಲಿಯೇ ತೀರ್ಪು ಕೊಡಬೇಡಿ, ಶಾಖೆಯವರನ್ನು ಎಲ್ಲರ ಮುಂದೆ ಬೈಯಬೇಡಿ. "ಸೇವಾ ಪುಸ್ತಕದ ಜೊತೆ ಶುಕ್ರವಾರ ಇಬ್ಬರೂ ಬನ್ನಿ" ಅನ್ನಿ. ದಿನ ಹೇಳದೆ ಬಿಟ್ಟರೆ ಅದು ಜಾರಿಕೊಂಡ ಹಾಗೇ.

ಮಹಿಳಾ ಸಿಬ್ಬಂದಿ ಎಲ್ಲರ ಮುಂದೆ ಹೇಳಲಾಗದ ವಿಷಯ ಇರಬಹುದು. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲೆ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಹತ್ತು ಜನ ಅಥವಾ ಅದಕ್ಕಿಂತ ಹೆಚ್ಚು ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದರ ಅಧ್ಯಕ್ಷೆ ಯಾರು ಅಂತ ಸಭೆಯಲ್ಲೇ ಹೆಸರು ಹಿಡಿದು ಹೇಳಿ. ಯಾರು ಅಂತ ಯಾರಿಗೂ ಗೊತ್ತಿಲ್ಲದಿದ್ದರೆ, ಅಥವಾ ಅವರು ವರ್ಗವಾಗಿ ಹೋಗಿದ್ದರೆ, ನಿಮ್ಮ ಮೊದಲ ಆದೇಶ ಅದೇ ಆಗಲಿ.

8. ವಾರ್ಡನ್ ಸಭೆಯಲ್ಲಿ ಏನು ಬದಲಾಗುತ್ತದೆ

ಅದೇ ಮಾತು, ಆದರೆ ಸಂಬಳದ ಜಾಗಕ್ಕೆ ಹಾಸ್ಟೆಲ್ ಬಿಲ್ಲು ಬರುತ್ತದೆ. ದಿನಸಿ, ತರಕಾರಿ, ಹಾಲಿನವರ ಬಾಕಿ ಕಟ್ಟದೆ ವಾರ್ಡನ್‌ಗಳು ಅಂಗಡಿ ಮುಂದೆ ಮುಖ ತಪ್ಪಿಸಿ ಓಡಾಡುತ್ತಿರಬಹುದು. ಎಷ್ಟು ತಿಂಗಳ ಬಿಲ್ಲು ಬಾಕಿ ಇದೆ ಅಂತ ಲೆಕ್ಕಶಾಖೆಯಿಂದ ಮೊದಲೇ ತಿಳಿದುಕೊಂಡು ಹೋಗಿ. ಅನುದಾನ ಬಂದಿಲ್ಲದಿದ್ದರೆ ಬಂದಿಲ್ಲ ಅಂತ ಹೇಳಿ. "ಆದಷ್ಟು ಬೇಗ" ಅನ್ನಬೇಡಿ, ಅದನ್ನು ಅವರು ಪ್ರತಿ ಅಧಿಕಾರಿ ಬಾಯಲ್ಲೂ ಕೇಳಿದ್ದಾರೆ.

ಹಾಸ್ಟೆಲ್ ಭೇಟಿ ಬಗ್ಗೆಯೂ ಇಲ್ಲೇ ಹೇಳಿ. ಹೇಳದೇ ಬರುತ್ತೀನಿ ಅಂತ ಹೇಳಿಬಿಡುವುದೇ ಒಳ್ಳೆಯದು. ಬಂದಾಗ ಮೂರು ವಿಷಯ ನೋಡುತ್ತೀನಿ ಅಂತ ಮುಂಚೆಯೇ ತಿಳಿಸಿ: ಹಾಜರಾತಿ ಪುಸ್ತಕಕ್ಕೂ ತಟ್ಟೆ ಮುಂದೆ ಕೂತ ಮಕ್ಕಳಿಗೂ ಲೆಕ್ಕ ಹೊಂದುತ್ತಾ, ದಾಸ್ತಾನು ಪುಸ್ತಕದಲ್ಲಿರುವ ಅಕ್ಕಿ ಕೋಣೆಯಲ್ಲಿ ಇದೆಯಾ, ಶೌಚಾಲಯಕ್ಕೆ ನೀರು ಬರುತ್ತಾ. ಹಾಜರಾತಿ ಜಾಸ್ತಿ ತೋರಿಸುವವರಿಗೆ ಇಷ್ಟು ಎಚ್ಚರಿಕೆ ಸಾಕು. ಸರಿಯಾಗಿ ನಡೆಸುವವರಿಗೆ ಯಾವ ಭಯವೂ ಇರುವುದಿಲ್ಲ.

9. ಪರಿಚಯ ಸರಿ ಆಯ್ತಾ ಅಂತ ತಿಳಿಯುವುದು ಹೇಗೆ

ಮುಂದಿನ ಎರಡು ವಾರ ಗಮನಿಸಿ. ಕಡತಗಳು ಬೇರೆ ಬೇರೆಯವರ ಕೈಯಲ್ಲಿ ಬರುತ್ತಿವೆಯಾ, ಅಥವಾ ಎಲ್ಲ ಒಬ್ಬರೇ ಹೊತ್ತು ತರುತ್ತಿದ್ದಾರಾ? ಒಬ್ಬರೇ ತರುತ್ತಿದ್ದರೆ, ನಿಮ್ಮ ಮತ್ತು ಉಳಿದವರ ನಡುವೆ ಆಗಲೇ ಒಬ್ಬರು ಬಂದು ಕೂತಿದ್ದಾರೆ. "ಇದನ್ನು ಬರೆದವರೇ ತರಲಿ" ಅಂತ ಹೇಳಿ ನಾಲ್ಕು ಸಲ ವಾಪಸ್ ಕಳಿಸಿ, ಸರಿಹೋಗುತ್ತದೆ. ವಾರ್ಡನ್‌ಗಳು ನಿಮ್ಮ ಕೋಣೆಗೆ ಬರುವ ಮುಂಚೆ ಡ್ರೈವರ್ ಹತ್ತಿರ "ಸಾಹೇಬ್ರು ಇವತ್ತ ಹ್ಯಾಂಗ ಅದಾರ?" ಅಂತ ಕೇಳುತ್ತಿದ್ದರೆ, ಸಭೆಯಲ್ಲಿ ನಿಮ್ಮ ಮಾತಿಗಿಂತ ಮುಖವೇ ಜಾಸ್ತಿ ಮಾತಾಡಿದೆ ಅಂತ ಅರ್ಥ. ಮೂರು ದಿನದ ಗಡುವು ಮೀರಿದ ಕಡತ ಕೇಳಿಕೊಂಡು ಒಬ್ಬರಾದರೂ ಬಾಗಿಲಿಗೆ ಬಂದರೆ ಒಳ್ಳೆ ಲಕ್ಷಣ. ಅವರನ್ನು ಅಲ್ಲೇ ಕೂರಿಸಿಕೊಂಡು ಕಡತ ಮುಗಿಸಿ ಕಳಿಸಿ.

10. ಸಭೆಗೆ ಬರದವರು

ಅಡುಗೆಯವರು, ಅಡುಗೆ ಸಹಾಯಕರು, ರಾತ್ರಿ ಕಾವಲುಗಾರರು ಯಾವ ಸಭೆಗೂ ಬರುವುದಿಲ್ಲ. ಕರೆಯಲೂಬಾರದು, ಕರೆದರೆ ಮಕ್ಕಳ ಊಟ ನಿಲ್ಲುತ್ತದೆ. ಆದರೆ ಹಾಸ್ಟೆಲ್‌ನಲ್ಲಿ ಏನು ನಡೆಯುತ್ತೆ ಅಂತ ನಿಜವಾಗಿ ಗೊತ್ತಿರುವುದು ಅವರಿಗೆ. ಅವರ ಪರಿಚಯ ಅಡುಗೆಮನೆಯಲ್ಲೇ ಆಗಬೇಕು.

ಮೊದಲ ತಿಂಗಳಲ್ಲಿ ಪ್ರತಿ ತಾಲ್ಲೂಕಿನಲ್ಲಿ ಒಂದಾದರೂ ಹಾಸ್ಟೆಲ್‌ಗೆ ಹೋಗಿ. ಚಪ್ಪಲಿ ಬಿಟ್ಟು ಅಡುಗೆಮನೆಗೆ ಹೋಗಿ ಹೆಸರು ಹೇಳಿ, ಅವರ ಹೆಸರು ಕೇಳಿ. ಹೊರಗುತ್ತಿಗೆಯವರಾದರೆ ಒಂದೇ ಪ್ರಶ್ನೆ ಸಾಕು: "ಹೋದ ತಿಂಗಳ ಪಗಾರ ಬಂತಾ? ಎಷ್ಟು ಬಂತು?" ಏಜೆನ್ಸಿ ಕಚೇರಿಗೆ ಕೊಟ್ಟ ಬಿಲ್ಲಿನಲ್ಲಿರುವ ಮೊತ್ತಕ್ಕೂ ಅವರ ಕೈಗೆ ಬಂದ ಮೊತ್ತಕ್ಕೂ ಹೊಂದುತ್ತಾ ಅಂತ ಆಮೇಲೆ ನೋಡಿಕೊಳ್ಳಿ. ಪಿಎಫ್, ಇಎಸ್‌ಐ ಕಳೆದ ಮೇಲೂ ವ್ಯತ್ಯಾಸ ಉಳಿದರೆ ಏಜೆನ್ಸಿಯ ಮುಂದಿನ ಬಿಲ್ಲಿಗೆ ಸಹಿ ಹಾಕುವ ಮುಂಚೆ ಬ್ಯಾಂಕ್ ಜಮಾ ಪಟ್ಟಿ ಕೇಳಿ.

ಊಟದ ಹೊತ್ತಿಗೆ ಹೋದರೆ ವಾರ್ಡನ್ ಕೋಣೆಯಲ್ಲಿ ನಿಮಗೆ ಬೇರೆ ತಟ್ಟೆ ಇಟ್ಟಿರುತ್ತಾರೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಮೊಸರು. ಅದನ್ನು ಬಿಟ್ಟು ಮಕ್ಕಳ ಸಾಲಿನಲ್ಲಿ ನಿಂತು ಅವರಿಗೆ ಬಡಿಸಿದ್ದನ್ನೇ ಹಾಕಿಸಿಕೊಳ್ಳಿ.